ಹದಿನಾಲ್ಕನೆಯ ಕಾಗದ

ಆ ವಿಡಿಯೋ ವಿಚಾರಣೆಯಲ್ಲಿ ನನ್ನ ಮುಖ ಯಾರಿಗೂ ಕಾಣಲಿಲ್ಲ. ಲ್ಯಾಪ್‌ಟಾಪಿನ ಎದುರು ಮಾವ ಕೂತಿದ್ದ, ಅವನ ಬಲಕ್ಕೆ ಆಡಿಟರು. ನಾನು ಎಡಕ್ಕೆ, ಕ್ಯಾಮೆರಾದ ಅಂಚಿನಿಂದ ಆಚೆಗೆ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತಿದ್ದೆ. ಮಾವ ಕನ್ನಡದಲ್ಲಿ ಹೇಳಿದ್ದನ್ನು ಇಂಗ್ಲಿಷಿಗೆ ತಿರುಗಿಸುವುದು ನನ್ನ ಕೆಲಸ. ಇಪ್ಪತ್ತು ನಿಮಿಷ ನಡೆದ ಆ ಮಾತನ್ನು ಈಗಲೂ ಬಸ್ಸಿನಲ್ಲಿ ಕೂತಾಗ, ಮಕ್ಕಳ ನೋಟ್‌ಬುಕ್ ತಿದ್ದುವಾಗ, ಮೊದಲಿನಿಂದ ಕೊನೆಯವರೆಗೆ ಮತ್ತೆ ಆಡಿಕೊಳ್ಳುತ್ತೇನೆ. ಒಂದೇ ಒಂದು ಉತ್ತರದ ಹತ್ತಿರ ಬಂದಾಗ ನಿಲ್ಲುತ್ತೇನೆ. ಅಲ್ಲಿ ನಾನು ಬೇರೆ ಮಾತು ಹೇಳಬಹುದಿತ್ತು.

ಮಾವ ಎಂದರೆ ನನ್ನ ಅಮ್ಮನ ತಮ್ಮ. ತಮಿಳುನಾಡಿನ ಧರ್ಮಪುರಿ ಹತ್ತಿರದ ಕಾರಿಮಂಗಲದಲ್ಲಿ ಶಾಮಿಯಾನ, ಪಾತ್ರೆ, ಕುರ್ಚಿ ಬಾಡಿಗೆಗೆ ಕೊಡುವ ಅಂಗಡಿ ಅವನದು. ನಮ್ಮ ಕಡೆಯ ಮದುವೆ, ಕಿವಿ ಚುಚ್ಚುವ ಶಾಸ್ತ್ರ, ಗೃಹಪ್ರವೇಶ ಯಾವುದೇ ಇರಲಿ, ಪಾತ್ರೆ ಅವನ ಅಂಗಡಿಯದು, ಬಾಗಿಲ ಹತ್ತಿರ ಮೇಜು ಹಾಕಿಕೊಂಡು ಮುಯ್ಯಿ ಬರೆಯುವವನೂ ಅವನೇ. ಯಾರು ಎಷ್ಟು ಕೊಟ್ಟರು, ಯಾವ ಊರು, ಯಾರ ಮಗ ಎಂದು ಒಂದಕ್ಷರ ತಪ್ಪದೆ ಬರೆಯುತ್ತಾನೆ. ಐನೂರರ ನೋಟು ಕೊಟ್ಟವನ ಹೆಸರಿನ ಮುಂದೆ ಸಾವಿರ ಬಿದ್ದ ಉದಾಹರಣೆ ಇಲ್ಲ. ನಂಟರಲ್ಲಿ ಜಗಳವಾದರೂ ಮುಯ್ಯಿ ಮೇಜಿಗೆ ಇಬ್ಬರೂ ಅವನನ್ನೇ ಕರೆಯುತ್ತಾರೆ.

ಅದೇ ನಂಬಿಕೆಯಿಂದ ನಮ್ಮ ಕುಲದೇವರ ದುಡ್ಡೂ ಅವನ ಹತ್ತಿರ ಬಂತು. ನಲ್ಲಂಪಳ್ಳಿಯ ಆಚೆ ನಮ್ಮ ಅರವತ್ತು ಚಿಲ್ಲರೆ ಮನೆಗಳಿಗೆ ಸೇರಿದ ಒಂದು ಸಣ್ಣ ಗುಡಿ ಇದೆ. ಅದನ್ನು ಕಲ್ಲಿನಲ್ಲಿ ಕಟ್ಟಬೇಕೆಂದು ಅಮಾವಾಸ್ಯೆ ಅಮಾವಾಸ್ಯೆಗೆ ವಸೂಲಿ ನಡೆಯಿತು. ಹನ್ನೆರಡು ಲಕ್ಷ ಸೇರಿದ ಮೇಲೆ ಮೂವರು ಹಿರಿಯರು ಮಾವನ ಜೊತೆ ಬ್ಯಾಂಕಿಗೆ ಹೋದರು. ಗುಡಿಯ ಹೆಸರಿನಲ್ಲಿ ಇಡಬೇಕಾದರೆ ಟ್ರಸ್ಟು ನೋಂದಾಯಿಸಿ, ಅದಕ್ಕೊಂದು ಪ್ಯಾನ್ ತನ್ನಿ ಎಂದರಂತೆ ಮ್ಯಾನೇಜರ್.

"ಸಾಮಿಗೆ ಪ್ಯಾನ್ ಇಲ್ಲ ಸಾರ್. ನಮ್ ಹುಡ್ಗುಂಗೆ ಐತೆ," ಎಂದು ಹಿರಿಯರಲ್ಲೊಬ್ಬರು ಮಾವನನ್ನು ಮುಂದಕ್ಕೆ ತಳ್ಳಿದರಂತೆ. ಮಾವನಿಗೆ ಆಗ ಐವತ್ತೆರಡು.

ಹೀಗೆ ದೇವರ ಹನ್ನೆರಡು ಲಕ್ಷ ಮಾವನ ಹೆಸರಿನಲ್ಲಿ ಫಿಕ್ಸೆಡ್ ಡಿಪಾಸಿಟ್ ಆಯಿತು. ಆ ಡಿಪಾಸಿಟ್ಟನ್ನೇ ಆಧಾರವಾಗಿಟ್ಟು ಬ್ಯಾಂಕಿನವರು ಅವನಿಗೊಂದು ಕ್ರೆಡಿಟ್ ಕಾರ್ಡು ಕೊಟ್ಟರು. ಒಂಬತ್ತು ಲಕ್ಷ ಮಿತಿ. ಬೇಡ ಎನ್ನಲು ಅವನಿಗೆ ಮುಜುಗರವಾಯಿತಂತೆ.

ನಂಟರಿಗೆ ಸುದ್ದಿ ಹಬ್ಬಲು ವಾರ ಸಾಕಾಯಿತು. ಸೇಲಂ ಅಂಗಡಿಯಲ್ಲಿ ಆ ಕಾರ್ಡಿಗೆ ಶೇಕಡಾ ಹತ್ತು ಕಡಿತ, ಮೊಬೈಲಿಗೆ ಬಡ್ಡಿಯಿಲ್ಲದ ಕಂತು. ಯಾರಿಗೆ ಏನು ಬೇಕಾದರೂ "ಮಾವನ ಕಾರ್ಡಲ್ಲಿ ಎಳೆದುಬಿಡು" ಎನ್ನುವುದು ವಾಡಿಕೆಯಾಯಿತು. ಫ್ರಿಜ್ಜು, ಬೋರಿನ ಮೋಟಾರು, ಮದುವೆ ಸೀರೆ, ಇಂಜಿನಿಯರಿಂಗ್ ಕಾಲೇಜಿನ ಫೀಸು, ಮನೆಗೆ ಟೈಲ್ಸು. ಆಮೇಲೆ ಅವರವರ ಅನುಕೂಲದಂತೆ ಮಾವನಿಗೆ ಹಿಂದಿರುಗಿಸುತ್ತಿದ್ದರು. ಕೆಲವರು ಫೋನಿನಲ್ಲಿ ಹಾಕುತ್ತಿದ್ದರು, ಕೆಲವರು ನೋಟು ತಂದು ಕೊಡುತ್ತಿದ್ದರು.

ಇದರಲ್ಲಿ ಒಂದನ್ನೂ ಮಾವ ಬರೆದಿಡಲಿಲ್ಲ. ಮುಯ್ಯಿಯಾದರೆ ಹತ್ತು ರೂಪಾಯಿಯನ್ನೂ ಬರೆಯಬೇಕು, ಅದು ಮುಂದೊಂದು ದಿನ ಹಿಂದಿರುಗಿಸಬೇಕಾದ ಮರ್ಯಾದೆ. ಆದರೆ ನಂಟರಿಗೆ ಕೈಗಡ ಕೊಟ್ಟು ಅದನ್ನು ಬರೆದಿಟ್ಟುಕೊಂಡರೆ ಅವರನ್ನು ನಂಬಲಿಲ್ಲ ಎಂದಂತಾಗುತ್ತದೆ. ನಮ್ಮ ಕಡೆ ಅದು ಬೈಗುಳಕ್ಕಿಂತ ದೊಡ್ಡದು. "ಸೊಂದದವರ ಹತ್ರ ಬರ್ದು ಮಡಿಕಂಡ್ರೆ ಆಮೇಲೆ ಅವ್ರ ಮನೇಲಿ ನೀರ್ ಕುಡಿಯೋಕೆ ಎಂಗ್ ಓಗ್ಲಿ?" ಎಂದು ಅವನೇ ಒಮ್ಮೆ ಹೇಳಿದ್ದ.

ಆ ವರ್ಷ ಕಾರ್ಡಿನಲ್ಲಿ ಕಟ್ಟಿದ ಹಣ ಹನ್ನೊಂದು ಲಕ್ಷದ ನಲವತ್ತೆರಡು ಸಾವಿರ. ಅಂಗಡಿ ಲೆಕ್ಕದಲ್ಲಿ ಮಾವ ತೋರಿಸಿದ ವರ್ಷದ ಆದಾಯ ನಾಲ್ಕೂವರೆ ಲಕ್ಷ. ಡಿಪಾಸಿಟ್ಟಿನ ಬಡ್ಡಿಯನ್ನೂ ಸೇರಿಸಿಯೇ ತೋರಿಸಿದ್ದ. ಬಡ್ಡಿ ತೋರಿಸಿದ ಮೇಲೆ ಎಲ್ಲ ಸರಿ ಎಂದು ಅವನು ತಿಳಿದಿದ್ದ. ನಾನೂ ಹಾಗೆಯೇ ತಿಳಿದಿದ್ದೆ. ಅವನ ರಿಟರ್ನನ್ನು ಪೋರ್ಟಲಿನಲ್ಲಿ ತುಂಬಿದವಳು ನಾನು. ಓದಿದವಳಲ್ಲವೇ, ಸರ್ಕಾರಿ ಶಾಲೆಯ ಟೀಚರು. ಅವನ ಖಾತೆಗೆ ಕೊಟ್ಟಿದ್ದ ಇಮೇಲ್ ಕೂಡ ನನ್ನದೇ.

ಆದ್ದರಿಂದ ನೋಟಿಸು ಮೊದಲು ಬಂದದ್ದು ನನಗೆ. ಶಾಲೆ ತೆರೆದ ತಿಂಗಳು, ಮಧ್ಯಾಹ್ನದ ಊಟದ ಬಿಡುವು. ಮಕ್ಕಳು ಮೊಟ್ಟೆಗೆ ಸಾಲು ನಿಂತಿದ್ದರು. ರಿಟರ್ನನ್ನು ಪರಿಶೀಲನೆಗೆ ಆರಿಸಲಾಗಿದೆ ಎಂದು ಮೇಲಿನ ಸಾಲಿನಲ್ಲಿತ್ತು. ಕಾರಣ ಎರಡು: ದೊಡ್ಡ ಮೊತ್ತದ ಕ್ರೆಡಿಟ್ ಕಾರ್ಡ್ ಪಾವತಿ ಮತ್ತು ಡಿಪಾಸಿಟ್, ಎರಡೂ ತೋರಿಸಿದ ಆದಾಯಕ್ಕೆ ಹೊಂದುವುದಿಲ್ಲ. ಮೊದಲು ಮೋಸದ ಮೇಲ್ ಇರಬೇಕೆಂದುಕೊಂಡೆ, ಹಾಗೆ ಅಂದುಕೊಳ್ಳಲು ಇಷ್ಟವಿತ್ತು. ಎರಡು ದಿನ ಯಾರಿಗೂ ಹೇಳಲಿಲ್ಲ. ಮೂರನೆಯ ದಿನ ಪೋರ್ಟಲಿಗೆ ಹೋಗಿ ನೋಡಿದೆ. ಅದೇ ಕಾಗದ ಅಲ್ಲಿಯೂ ಇತ್ತು.

ಧರ್ಮಪುರಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಮಹಡಿಯ ಮೇಲೆ ಆಡಿಟರ ಕಚೇರಿ. ಅವರು ತಮಿಳಿನವರು, ಮಾತು ಕಡಿಮೆ, ಕನ್ನಡಕವನ್ನು ಹಣೆಗೇರಿಸಿಕೊಂಡೇ ಓದುವವರು. ಅವರು ತಮಿಳಿನಲ್ಲಿ ಹೇಳಿದ್ದರ ಸಾರ ಇಷ್ಟು: ಈಗ ಯಾವ ಆಫೀಸಿಗೂ ಅಲೆಯಬೇಕಿಲ್ಲ, ಎಲ್ಲವೂ ಪೋರ್ಟಲಿನಲ್ಲೇ. ಪ್ರಶ್ನೆ ಎಲ್ಲಿಂದಲೋ ಬರುತ್ತದೆ, ಕೇಳುವವರ ಮುಖ ನಮಗೆ ಗೊತ್ತಾಗುವುದಿಲ್ಲ. ಬಾಯಿ ಮಾತು ನಡೆಯುವುದಿಲ್ಲ, ಕಾಗದ ಬೇಕು. ಡಿಪಾಸಿಟ್ ಯಾರ ದುಡ್ಡು, ಕಾರ್ಡಿನಲ್ಲಿ ಯಾರು ಏನು ಕೊಂಡರು, ಹೇಗೆ ತೀರಿಸಿದರು ಎಂದು ತೋರಿಸಲಾಗದಿದ್ದರೆ ಅದು ವಿವರಣೆಯಿಲ್ಲದ ಹಣ.

"ತೋರ್ಸಕ್ಕೆ ಆಗ್ದಿದ್ರೆ ಎಷ್ಟಾಯ್ತದೆ?" ಮಾವ ಕೇಳಿದ.

ಆಡಿಟರು ಕ್ಯಾಲ್ಕುಲೇಟರ್ ಒತ್ತಿದರು. ಅಂಥ ಹಣಕ್ಕೆ ತೆರಿಗೆ ಶೇಕಡಾ ಅರವತ್ತು. ಅದರ ಮೇಲೆ ಸರ್ಚಾರ್ಜು, ಸೆಸ್ಸು ಸೇರಿ ಎಪ್ಪತ್ತೆಂಟು. ಕಾರ್ಡಿನಲ್ಲಿ ಮಾವನ ಸ್ವಂತ ಖರ್ಚಾದ ಎರಡು ಲಕ್ಷದ ಹತ್ತು ಸಾವಿರ ಕಳೆದರೂ, ಡಿಪಾಸಿಟ್ ಸೇರಿ ಉಳಿದದ್ದಕ್ಕೆಲ್ಲ ಹದಿನಾರು ಲಕ್ಷ ದಾಟುತ್ತದೆ. ಬಡ್ಡಿ, ದಂಡ ಬೇರೆ.

ಮಾವ ಮೆಲ್ಲಗೆ ನಕ್ಕ. ಭಯವಾದಾಗ ಅವನು ಹಾಗೆ ನಗುತ್ತಾನೆ. "ಅಂಗಂದ್ರೆ ಅಂಗ್ಡಿ, ಮನೆ ಎರಡೂ ಮಾರಿದ್ರೂ ಚಮಚ ಉಳ್ಯಲ್ಲ," ಎಂದ. ಮೆಟ್ಟಿಲಿಳಿಯುವಾಗ ಕಂಬಿ ಹಿಡಿದುಕೊಂಡು ನಿಂತ. "ಮಾರೋದು ಓಗ್ಲಿ ಬುಡು ಅಮ್ಮಣ್ಣಿ. ಸಾಮಿ ದುಡ್ಡು ನುಂಗ್ದ ಅಂತಾರಲ್ಲ, ಅದುನ್ನ ಎಂಗೆ ತಡ್ಕಳ್ಳೋದು?"

ಕಾರ್ಡಿನ ಹನ್ನೆರಡು ತಿಂಗಳ ಸ್ಟೇಟ್‌ಮೆಂಟನ್ನು ಆಡಿಟರು ನನ್ನ ಕೈಗೆ ಕೊಟ್ಟಿದ್ದರು. ಒಂದೊಂದು ಸಾಲಿನ ಮುಂದೆ ಪೆನ್ಸಿಲಿನಲ್ಲಿ ಕೊಂಡವರ ಹೆಸರು ಬರೆದುಕೊಂಡು ಬರಬೇಕು. ಬಸ್ಸಿನಲ್ಲಿ ಕೂತು ಪುಟ ತಿರುವಿದೆ. ಆರನೆಯ ಪುಟದಲ್ಲಿತ್ತು ಆ ಸಾಲು. ಸೇಲಂನ ಒಡವೆ ಅಂಗಡಿ, ಒಂದು ಲಕ್ಷದ ಅರವತ್ತು ಸಾವಿರ.

ಅದು ನನ್ನ ಸರ.

ಕೆಲಸ ಸಿಕ್ಕ ಮೊದಲ ವರ್ಷ ಕೊಂಡದ್ದು. ಆ ದಿನ ಮಾವ ಕುರ್ಚಿಗೆ ಹೊಸ ಬಟ್ಟೆ ಹೊಲಿಸಲು ಸೇಲಂಗೆ ಬಂದಿದ್ದ. ನಾನೇ ಕೇಳಿದೆ, ಕಾರ್ಡಿಗೆ ಕೂಲಿಯಲ್ಲಿ ಕಡಿತ ಕೊಡುತ್ತಾರಂತೆ ಎಂದು. ಕನ್ನಡಿ ಮುಂದೆ ನಿಂತವಳನ್ನು ನೋಡಿ, "ನಿಮ್ಮವ್ವಂಗೂ ಇಂಗೇ ಕತ್ತು," ಎಂದು ಕಾರ್ಡು ತೆಗೆದುಕೊಟ್ಟ. ತಿಂಗಳಿಗೆ ಹದಿನಾರು ಸಾವಿರದಂತೆ ಹತ್ತು ತಿಂಗಳು ತೀರಿಸಿದೆ. ಪ್ರತಿ ತಿಂಗಳೂ ಸಂಬಳ ತೆಗೆದು ನೋಟನ್ನೇ ಕೈಗಿಡುತ್ತಿದ್ದೆ. ಎಣಿಸದೆ ಜೇಬಿಗೆ ಹಾಕಿಕೊಳ್ಳುತ್ತಿದ್ದ.

ಆ ಸಾಲಿನ ಮುಂದೆ ಪೆನ್ಸಿಲ್ ಇಡಲಿಲ್ಲ. ಆಮೇಲೆ ಬರೆಯೋಣ ಎಂದುಕೊಂಡೆ. ಸರ್ಕಾರಿ ನೌಕರರು ಬೆಲೆಬಾಳುವ ವಸ್ತು ಕೊಂಡರೆ ಇಲಾಖೆಗೆ ತಿಳಿಸಬೇಕೆಂಬ ನಿಯಮವಿದೆ. ನಾನು ತಿಳಿಸಿರಲಿಲ್ಲ. ಪ್ರೊಬೇಷನ್ ಮುಗಿದ ಆದೇಶ ಇನ್ನೂ ಕೈಗೆ ಬಂದಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಯಾರದೋ ಕತೆಯ ಹಾಗೆ ಕೇಳಿ ನೋಡಿದಾಗ ಹಿರಿಯ ಟೀಚರೊಬ್ಬರು, "ಇನ್‌ಕಮ್ ಟ್ಯಾಕ್ಸಿಗೆ ಹೋದ ಕಾಗದ ಇಲಾಖೆಗೂ ಹೋಗುತ್ತದಂತೆ, ಮೆಮೋ ಕೊಟ್ಟರೆ ಪ್ರೊಬೇಷನ್ ಅಲ್ಲಿಗೇ ನಿಂತಿತು," ಎಂದರು. ಅವರು ಕೇಳಿದ ಮಾತು, ನೋಡಿದ್ದಲ್ಲ. ನನಗೆ ಅಷ್ಟೇ ಸಾಕಾಯಿತು.

ಡಿಪಾಸಿಟ್ಟಿನ ಕಾಗದ ಹೊಂದಿಸುವುದು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ವಸೂಲಿ ಮಾಡಿದ ನೋಟ್‌ಬುಕ್ ಹಿರಿಯರ ಹತ್ತಿರವಿತ್ತು, ಮಾವನ ಅಕ್ಷರದಲ್ಲೇ. ಅದು ಕೈಗಡವಲ್ಲವಲ್ಲ, ದೇವರಿಗೆ ಕೊಟ್ಟದ್ದು, ಆದ್ದರಿಂದ ಬರೆದಿದ್ದ. ಮೂವರು ಹಿರಿಯರು ಸ್ಟಾಂಪ್ ಪೇಪರಿನ ಮೇಲೆ ಪ್ರಮಾಣ ಮಾಡಿ ಸಹಿ ಹಾಕಿದರು. ಆ ಹೊತ್ತಿಗೆ ಗುಡಿಯ ಕೆಲಸ ಶುರುವಾಗಿ ಕಲ್ಲಿನವರಿಗೆ ಕೊಟ್ಟ ರಸೀದಿಗಳೂ ಇದ್ದವು.

ಕಷ್ಟವಾದದ್ದು ಕಾರ್ಡು. ಕೊಂಡವರೊಬ್ಬೊಬ್ಬರಿಂದಲೂ ಕಾಗದ ಬರೆಸಬೇಕು: ಇಂಥ ದಿನ ಇಂಥ ವಸ್ತುವನ್ನು ಇವರ ಕಾರ್ಡಿನಲ್ಲಿ ಕೊಂಡೆ, ದುಡ್ಡು ಹೀಗೆ ಹಿಂದಿರುಗಿಸಿದೆ. ಕೆಳಗೆ ಸಹಿ, ಆಧಾರ್, ಇದ್ದವರದು ಪ್ಯಾನ್. ಮಾವನಿಗೆ ಕೇಳಲು ನಾಚಿಕೆ. ಮನೆ ಮನೆಗೆ ಹೋದವಳು ನಾನು.

ಮೊದಲನೆಯ ಮನೆಯಲ್ಲೇ ಟೀ ಕೊಟ್ಟು, ವಿಷಯ ಕೇಳಿ, ಲೋಟ ಹಿಂದಕ್ಕೆ ತೆಗೆದುಕೊಳ್ಳುವಂತೆ ನೋಡಿದರು. ಫ್ರಿಜ್ಜು ಕೊಂಡಿದ್ದ ಅತ್ತಿಗೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ನನ್ ಆಧಾರ್ ಕೊಟ್ರೆ ತಿಂಗ್ಳು ತಿಂಗ್ಳು ಬರೋ ಸಾವ್ರ ರೂಪಾಯಿ ನಿಂತೋಯ್ತದೆ ಕಣಮ್ಮ," ಎಂದಳು. ಸರ್ಕಾರ ಹೆಂಗಸರ ಖಾತೆಗೆ ಹಾಕುವ ಹಣ ಅದು.

"ನಿಲ್ಲೋದಿಲ್ಲ ಅತ್ತಿಗೆ. ಫ್ರಿಜ್ ಕೊಂಡೆ ಅಂತ ಬರೆದರೆ ಯಾಕೆ ನಿಲ್ಲುತ್ತೆ?"

"ಫ್ರಿಜ್ ಐತೆ, ಇವ್ಳು ಬಡವಳಲ್ಲ ಅಂತ ಅಂದ್ರೆ?"

"ಅದುನ್ನ ತಗಂಡು ಎರಡ್ ವರ್ಷ ಆಯ್ತು, ಈಗ ಐಸೂ ಆಗಲ್ಲ. ಅದ್ನೂ ಬರ್ದು ಕೊಡು," ಎಂದು ಒಳಗಿನಿಂದ ಅಣ್ಣ ಕೂಗಿದ. ನಕ್ಕೆವು. ಅತ್ತಿಗೆ ಆ ದಿನ ಸಹಿ ಹಾಕಲಿಲ್ಲ.

ಟೈಲ್ಸ್ ಹಾಕಿಸಿದವನು ತನ್ನ ಮನೆಯ ಲೆಕ್ಕ ಕೆದಕುತ್ತಾರೆ ಎಂದ. ಫೀಸು ಕಟ್ಟಿದವನು ಮಗನ ಸ್ಕಾಲರ್‌ಶಿಪ್ಪಿಗೆ ತೊಂದರೆ ಎಂದ. ಮದುವೆ ಸೀರೆ ಕೊಂಡವರು ಬೀಗರಿಗೆ ತಿಳಿದರೆ ಏನು ಮರ್ಯಾದೆ ಎಂದರು. ಎಲ್ಲರಿಗೂ ಒಂದೇ ಮಾತು ಹೇಳಿದೆ: "ಕೊಂಡದ್ದು ನಿಜ, ತೀರಿಸಿದ್ದು ನಿಜ. ನಿಜ ಬರೆದುಕೊಡಲು ಏನು ಭಯ? ಮಾವ ಒಬ್ಬನೇ ಯಾಕೆ ಸಾಯಬೇಕು?" ತರಗತಿಯಲ್ಲಿ ಪಾಠ ಮಾಡುವ ದನಿಯಲ್ಲಿ ಹೇಳಿದೆ. ಹಾಗೆ ಹೇಳುವಾಗ ನನಗೆ ಒಂದಿಷ್ಟೂ ಅಳುಕಾಗಲಿಲ್ಲ.

ಕೊನೆಗೆ ದಾರಿ ಮಾಡಿಕೊಟ್ಟದ್ದು ದೊಡ್ಡತ್ತೆ, ಅಮ್ಮನ ಸೋದರತ್ತೆ. ಎಂಬತ್ತರ ಮೇಲೆ ವಯಸ್ಸು, ಇಡ್ಲಿ ಮಾರಿ ಬದುಕಿದವಳು. ಹದಿನಾಲ್ಕು ಸಾವಿರದ ಗ್ರೈಂಡರ್ ಕೊಂಡಿದ್ದಳು. ಅತ್ತಿಗೆಯ ಮನೆಯ ಜಗುಲಿಗೆ ಬಂದು ಕೂತು, ನನ್ನ ಪೆನ್ನು ಕಿತ್ತುಕೊಂಡಳು.

"ಎಲ್ಲಿ ಹಾಕ್ಬೇಕು ಯೋಳು."

"ಇಲ್ಲಿ ಅತ್ತೆ. ನೀವು ಓದಿ ನೋಡಿ..."

"ಓದೋಕೆ ಬಂದಿದ್ರೆ ಇಡ್ಲಿ ಮಾರ್ತಿದ್ನಾ?" ಅತ್ತಿಗೆಯ ಕಡೆ ತಿರುಗಿದಳು. "ಲೇ, ಉಂಡಿದ್ದು ನಾನು ಅನ್ನೋಕೆ ನಾಚ್ಕೆನಾ? ಎಲೆ ಎತ್ತೋವ್ನು ಅವ್ನೊಬ್ನೇನಾ? ಬಾ, ಹಾಕು."

ಅತ್ತಿಗೆ ಬಂದು ಹಾಕಿದಳು. ಆ ವಾರ ಮಿಕ್ಕವರೂ ಹಾಕಿದರು. ಹದಿಮೂರು ಕಾಗದ, ಒಟ್ಟು ಏಳು ಲಕ್ಷದ ಎಪ್ಪತ್ತೆರಡು ಸಾವಿರ. ದೊಡ್ಡತ್ತೆ ಪೆನ್ನು ಹಿಂದಿರುಗಿಸುವಾಗ ನನ್ನ ಕತ್ತಿನ ಕಡೆ ನೋಡಲಿಲ್ಲ. ಅವಳಿಗೆ ಗೊತ್ತೂ ಇರಲಿಲ್ಲ. ಸರ ಮನೆಯ ಬೀರುವಿನಲ್ಲಿತ್ತು.

ಹದಿಮೂರನ್ನು ಆಡಿಟರ ಮೇಜಿನ ಮೇಲಿಟ್ಟಾಗ ಅವರು ಸಾಲು ಸಾಲಾಗಿ ಟಿಕ್ ಹಾಕಿದರು. ಆರನೆಯ ಪುಟದಲ್ಲಿ ಪೆನ್ಸಿಲ್ ನಿಂತಿತು.

"ಇದು?"

ಮಾವ ನನ್ನ ಪಕ್ಕದಲ್ಲೇ ಇದ್ದ. ನಾನು ಸ್ಟೇಟ್‌ಮೆಂಟ್ ನೋಡುತ್ತಿರುವ ಹಾಗೆ ತಲೆ ತಗ್ಗಿಸಿದೆ. ಮಾವ ತಮಿಳಿನಲ್ಲಿ, "ಅದು ನಂದು, ಬಿಡಿ ಸಾರ್," ಎಂದ.

"ನಿಮ್ಮದಾದರೆ ಅದಕ್ಕೆ ದುಡ್ಡು ಎಲ್ಲಿಂದ ಬಂತು? ನಾಲ್ಕೂವರೆ ಲಕ್ಷದಲ್ಲಿ ಮನೆ ಖರ್ಚು, ನಿಮ್ಮ ಕಾರ್ಡಿನ ಖರ್ಚು ಎಲ್ಲ ಮುಗಿದುಹೋಯಿತು."

"ಹಳೇದು ಒಸಿ ಇಟ್ಟಿದ್ದೆ."

ಆಡಿಟರು ಮಾವನನ್ನು ನೋಡಿದರು, ಆಮೇಲೆ ನನ್ನನ್ನು. "ಇನ್ನೂ ಒಂದು ಕಾಗದ ಬಂದರೆ ಚೆನ್ನಾಗಿತ್ತು," ಎಂದಷ್ಟೇ ಹೇಳಿದರು. ಕೊಡಲು ಅವಕಾಶವಿತ್ತು. ಆ ಉತ್ತರ ಪೋರ್ಟಲಿಗೆ ಹೋಗಲು ಇನ್ನೂ ನಾಲ್ಕು ದಿನವಿತ್ತು. ಆ ನಾಲ್ಕೂ ದಿನ ಶಾಲೆಗೆ ಹೋಗಿ ಬಂದೆ. ಒಂದು ಸಂಜೆ ಕಾಗದ ಬರೆದೂ ಬರೆದೆ. ಬರೆದು, ಮಡಿಸಿ, ಪಠ್ಯಪುಸ್ತಕದೊಳಗಿಟ್ಟು, ಮರುದಿನ ಹರಿದೆ.

ಪೊಂಗಲ್ ಕಳೆದ ಮೇಲೆ ಮತ್ತೊಂದು ನೋಟಿಸು ಬಂತು. ಹದಿಮೂರು ಕಾಗದದವರ ಮೊತ್ತವನ್ನು ಬ್ಯಾಂಕಿನ ದಾಖಲೆಯೊಡನೆ ನೋಡಿ ಒಪ್ಪಿದ್ದರು. ಡಿಪಾಸಿಟ್ಟಿನ ಹನ್ನೆರಡು ಲಕ್ಷ ಮತ್ತು ಕಾರ್ಡಿನ ಒಂದು ಲಕ್ಷದ ಅರವತ್ತು ಸಾವಿರವನ್ನು ಆದಾಯಕ್ಕೆ ಯಾಕೆ ಸೇರಿಸಬಾರದು, ಕಾರಣ ಹೇಳಿ ಎಂದಿತ್ತು. ಆಡಿಟರು ಲಿಖಿತ ಉತ್ತರದ ಜೊತೆ ವಿಡಿಯೋ ವಿಚಾರಣೆಯನ್ನೂ ಕೇಳಿಕೊಂಡರು. ಗುಡಿಯ ವಿಷಯ ಮಾವನ ಬಾಯಿಂದಲೇ ಬಂದರೆ ಒಳ್ಳೆಯದು ಎಂದು ಅವರ ಅಭಿಪ್ರಾಯ. ಹೆದರಿದಾಗ ಮಾವನಿಗೆ ತಮಿಳು ಮರೆಯುತ್ತದೆ, ಮನೆ ಮಾತು ಕನ್ನಡವೇ ಬರುವುದು. ಅದಕ್ಕೆ ನಾನು.

ಪರದೆಯ ಮೇಲೆ ಅಧಿಕಾರಿಯ ಮುಖವಿರಲಿಲ್ಲ. ಬೂದು ಚೌಕ, ಅದರೊಳಗಿನಿಂದ ಒಂದು ಹೆಣ್ಣು ದನಿ. ಸಣ್ಣ ವಯಸ್ಸಿರಬೇಕು. ಒರಟಾಗಿರಲಿಲ್ಲ. ಪಕ್ಕದಲ್ಲಿ ಕೂತ ನಾನು ಸೊಸೆ, ಭಾಷೆ ತಿರುಗಿಸುತ್ತೇನೆ ಎಂದು ಆಡಿಟರು ತಿಳಿಸಿದಾಗ ಆಗಲಿ ಎಂದಿತು. ನಮ್ಮಲ್ಲಿ ಅಕ್ಕನ ಮಗಳನ್ನು ಸೊಸೆ ಎನ್ನುವುದು ವಾಡಿಕೆ.

ಗುಡಿಯ ವಿಷಯ ಬಂದಾಗ ಮಾವನಿಗೆ ಧೈರ್ಯ ಬಂತು. ಯಾಕೆ ಟ್ರಸ್ಟು ಮಾಡಲಿಲ್ಲ ಎಂದು ಕೇಳಿದ್ದಕ್ಕೆ, "ಮಾಡಿದ್ರೆ ಪ್ರೆಸಿಡೆಂಟು ಯಾರು ಅಂತ ಜಗಳ ಆಯ್ತದೆ ತಾಯಿ. ಸಾಮಿಗಿಂತ ಮುಂಚೆ ಅವ್ರಿಗೆ ಗುಡಿ ಕಟ್ಬೇಕಾಯ್ತದೆ," ಎಂದ. ನಾನು ತಿರುಗಿಸಿದೆ. ಬೂದು ಚೌಕದಿಂದ ಸಣ್ಣ ನಗು ಕೇಳಿಸಿತು. ಯಾರು ಎಷ್ಟು ಕೊಟ್ಟರೆಂದು ಹತ್ತಾರು ಮನೆಯವರ ಮೊತ್ತವನ್ನು ನೋಟ್‌ಬುಕ್ ನೋಡದೆ ಹೇಳಿದ. ಆಕೆ ತನ್ನ ಹತ್ತಿರವಿದ್ದ ಪಟ್ಟಿಯೊಡನೆ ಹೋಲಿಸುತ್ತಿದ್ದಿರಬೇಕು, ಕೀಲಿಗಳ ಸದ್ದು ಬರುತ್ತಿತ್ತು. ಆಡಿಟರು ಮೇಜಿನ ಕೆಳಗೆ ಹೆಬ್ಬೆಟ್ಟು ಎತ್ತಿ ತೋರಿಸಿದರು.

ಆಮೇಲೆ ಆ ಪ್ರಶ್ನೆ. ಒಡವೆ ಅಂಗಡಿಯಲ್ಲಿ ಒಂದು ಲಕ್ಷದ ಅರವತ್ತು ಸಾವಿರ. ಇದನ್ನು ಯಾರಿಗಾಗಿ ಕೊಂಡಿರಿ?

ನಾನು ಕನ್ನಡದಲ್ಲಿ ಕೇಳಿದೆ. ನನ್ನ ದನಿ ಹೇಗಿತ್ತೋ. ಮಾವ ನನ್ನ ಕಡೆ ತಿರುಗಲಿಲ್ಲ. ಬೂದು ಚೌಕವನ್ನೇ ನೋಡುತ್ತ, "ನಮ್ ಮನೆ ಮಗ್ಳಿಗೆ," ಎಂದ. ಸ್ವಲ್ಪ ತಡೆದು, "ಅಕ್ಕನ್ ಮಗ್ಳು. ಕೆಲ್ಸ ಸಿಕ್ತು ಅಂತ," ಎಂದ.

ಇಲ್ಲಿಯೇ ನಾನು ನಿಲ್ಲುವುದು. ಅವನು ಸುಳ್ಳು ಹೇಳಲಿಲ್ಲ, ನನ್ನನ್ನು ಹಿಡಿದು ಕೊಡಲೂ ಇಲ್ಲ. ಬಾಗಿಲನ್ನು ಇಷ್ಟು ತೆರೆದು, ಬರುವುದಾದರೆ ಬಾ ಎಂದು ಬಿಟ್ಟ. ಅಕ್ಕನ ಮಗಳು, ಕೆಲಸದಲ್ಲಿರುವವಳು ಎಂದು ಅವನು ಹೇಳಿದ್ದಷ್ಟನ್ನೇ ತಿರುಗಿಸಿದ್ದರೆ ಆ ದನಿ ಮುಂದಿನ ಪ್ರಶ್ನೆ ಕೇಳುತ್ತಿತ್ತು: ಆಕೆ ದುಡ್ಡು ಹಿಂದಿರುಗಿಸಿದರೇ? ಆಕೆ ಎಲ್ಲಿದ್ದಾರೆ?

ನಾನು ಇಂಗ್ಲಿಷಿನಲ್ಲಿ, ಅದು ಅವರ ಸ್ವಂತ ಮನೆಯ ಖರ್ಚು, ಹಿಂದಿನ ಉಳಿತಾಯದಿಂದ ಕೊಂಡದ್ದು ಎಂದೆ.

ಆಡಿಟರು ನನ್ನ ಕಡೆ ನಿಧಾನವಾಗಿ ತಿರುಗಿದರು. ಕನ್ನಡ ಅವರಿಗೆ ಚೆನ್ನಾಗಿಯೇ ಅರ್ಥವಾಗುತ್ತದೆ. ಅವರು ಈಗ ಬಾಯಿ ಬಿಡುತ್ತಾರೆ ಎಂದುಕೊಂಡೆ. ಬಿಡಲಿ ಎಂದೂ, ಬಿಡದಿರಲಿ ಎಂದೂ ಅನ್ನಿಸಿತು. ಅವರು ಕನ್ನಡಕವನ್ನು ಹಣೆಯಿಂದ ಇಳಿಸಿಕೊಂಡು ಫೈಲು ನೋಡತೊಡಗಿದರು.

ಉಳಿತಾಯಕ್ಕೆ ದಾಖಲೆ ಇದೆಯೇ ಎಂದು ಬೂದು ಚೌಕ ಕೇಳಿತು.

"ಇಲ್ಲ ಅಂತ ಯೋಳು," ಎಂದ ಮಾವ.

ಹೇಳಿದೆ. ಅದನ್ನು ಮಾತ್ರ ಸರಿಯಾಗಿ ತಿರುಗಿಸಿದೆ.

ಮಾರ್ಚಿ ತಿಂಗಳಲ್ಲಿ ಆದೇಶ ಬಂತು, ಮತ್ತೆ ನನ್ನ ಮೇಲಿಗೇ. ಗುಡಿಯ ಹನ್ನೆರಡು ಲಕ್ಷವನ್ನು ಒಪ್ಪಿದ್ದರು. ಒಂದು ಲಕ್ಷದ ಅರವತ್ತು ಸಾವಿರವನ್ನು ಮೂಲ ವಿವರಿಸದ ಖರ್ಚೆಂದು ಸೇರಿಸಿದ್ದರು. ತೆರಿಗೆ ಒಂದು ಲಕ್ಷದ ಇಪ್ಪತ್ತನಾಲ್ಕು ಸಾವಿರದ ಎಂಟುನೂರು. ಬಡ್ಡಿ ಸೇರಿ ಒಂದೂವರೆ ಲಕ್ಷ ದಾಟಿತು. ದಂಡದ ನೋಟಿಸು ಪ್ರತ್ಯೇಕ. ಆದೇಶದ ನಾಲ್ಕನೆಯ ಪುಟದಲ್ಲಿ, ವಿಚಾರಣೆಯ ವೇಳೆ ಇದು ತಮ್ಮ ಸ್ವಂತ ಮನೆಯ ಖರ್ಚೆಂದು ತೆರಿಗೆದಾರರೇ ಹೇಳಿದ್ದಾರೆ ಎಂದು ಬರೆದಿತ್ತು. ನನ್ನ ಇಂಗ್ಲಿಷ್ ವಾಕ್ಯ ಹಾಗೆಯೇ ಇತ್ತು.

ಊರಿನಲ್ಲಿ ಎಲ್ಲರೂ ಹಬ್ಬದ ಹಾಗೆ ಸಂತೋಷಪಟ್ಟರು. ದೇವರ ದುಡ್ಡು ಉಳಿಯಿತು, ಹದಿನಾರು ಲಕ್ಷದ ಕಂಟಕ ಒಂದೂವರೆಗೆ ಇಳಿಯಿತು. "ನಮ್ ಟೀಚರಮ್ಮ ಇಂಗ್ಲಿಷ್‌ನಾಗೆ ಮಾತಾಡಿ ಗೆದ್ಲು," ಎಂದು ಫ್ರಿಜ್ಜಿನ ಅತ್ತಿಗೆ ಬಾವಿಯ ಹತ್ತಿರ ಹೇಳಿಕೊಂಡು ಬಂದಳು. ಮಾವ ಒಡವೆಗೆ ಅಷ್ಟೊಂದು ಯಾಕೆ ಸುರಿದ, ಯಾರಿಗೆ ಸುರಿದ ಎಂಬ ಕುಹಕವೂ ಹುಟ್ಟಿಕೊಂಡಿತು. ಅತ್ತೆ, ಅಂದರೆ ಮಾವನ ಹೆಂಡತಿ, ಒಂದು ವಾರ ಅವನೊಡನೆ ಮಾತು ಬಿಟ್ಟಿದ್ದಳು ಎಂದು ಆಮೇಲೆ ತಿಳಿಯಿತು. ಅವನು ಅವಳಿಗೂ ಹೇಳಿರಲಿಲ್ಲ.

ನಾನು ಒಬ್ಬಳೇ ಆಡಿಟರ ಹತ್ತಿರ ಹೋದೆ. ಒಡವೆ ಅಂಗಡಿಯ ಬಿಲ್ಲು, ನನ್ನ ಹೆಸರಿನದು, ಸಂಬಳದ ಖಾತೆಯಿಂದ ತಿಂಗಳು ತಿಂಗಳು ಹಣ ತೆಗೆದ ಹಾಳೆ, ಎಲ್ಲವನ್ನೂ ಮೇಜಿನ ಮೇಲೆ ಇಟ್ಟೆ. ಅವರು ಒಂದೊಂದನ್ನೂ ನೋಡಿದರು.

"ಇದೇ ನಾನು ಕೇಳಿದ್ದು," ಎಂದರು ತಮಿಳಿನಲ್ಲಿ. ಬೈಯಲಿಲ್ಲ. "ಇದಿದ್ದರೆ ಒಪ್ಪುತ್ತಿದ್ದರು."

"ನನ್ನ ಇಲಾಖೆಗೆ ಹೋಗುತ್ತಿತ್ತಾ ಸಾರ್?"

"ಇವರು ಯಾಕಮ್ಮಾ ಕಳಿಸುತ್ತಾರೆ? ನಿಮ್ಮ ಸಂಬಳ, ನಿಮ್ಮ ಸರ. ಇಲಾಖೆಗೆ ತಡವಾಗಿ ತಿಳಿಸಿದೆ ಅಂತ ನೀವೇ ಒಂದು ಪುಟ ಬರೆದುಕೊಟ್ಟಿದ್ದರೆ ಮುಗಿಯುತ್ತಿತ್ತು."

ಅಪೀಲಿಗೆ ಮೂವತ್ತು ದಿನವಿದೆ, ಈ ಕಾಗದಗಳನ್ನು ಅಲ್ಲಿ ಹೊಸದಾಗಿ ಕೊಡಬಹುದು ಎಂದರು. ಆದರೆ ಕೆಳಗೆ ವಿಚಾರಣೆಯಲ್ಲಿ ಯಾಕೆ ಕೊಡಲಿಲ್ಲ ಎಂಬುದಕ್ಕೆ ತಕ್ಕ ಕಾರಣ ಬರೆಯಬೇಕು. ತಡೆದದ್ದು ಏನು ಎಂದು ಕೇಳುತ್ತಾರೆ. ಒಪ್ಪಿದರೂ ಒಪ್ಪಬಹುದು, ಬಿಟ್ಟರೂ ಬಿಡಬಹುದು.

ಮಾರನೆಯ ದಿನ ನನ್ನ ಇಲಾಖೆಗೆ ಕೊಡಬೇಕಾದ ಪುಟ ಬರೆದೆ. ಹೆಡ್‌ಮಿಸ್ಟ್ರೆಸ್ ಓದಿ, ಸೀಲು ಒತ್ತಿ, "ಬಿಲ್ಲಿನ ಜೆರಾಕ್ಸ್ ಎರಡು ಇಡಿ," ಎಂದು ಹಾಜರಿ ಪುಸ್ತಕಕ್ಕೆ ಕೈ ಹಾಕಿದರು. ಅಷ್ಟೇ. ಇದಕ್ಕಾಗಿ ಒಂಬತ್ತು ತಿಂಗಳು ಹೆದರಿದ್ದೆ.

ಭಾನುವಾರ ಮಾವನ ಅಂಗಡಿಗೆ ಹೋದೆ. ಮದುವೆಯಿಂದ ಬಂದ ಪಾತ್ರೆ ಎಣಿಸುತ್ತಿದ್ದ. ಅಂಗಡಿಯ ಮುಂದೆ ಎಂದಿನ ಎರಡು ಟೆಂಪೋಗಳಲ್ಲಿ ಒಂದೇ ಇತ್ತು. ಇನ್ನೊಂದನ್ನು ತೆರಿಗೆ ಕಟ್ಟಲು ಮಾರಿದ್ದ. ನಾನು ಎಲ್ಲವನ್ನೂ ಹೇಳಿದೆ, ಅವನಿಗೆ ಗೊತ್ತಿಲ್ಲದ್ದೇನೂ ಅದರಲ್ಲಿ ಇರಲಿಲ್ಲ. ಅಪೀಲಿನ ಮಾತು ತೆಗೆದೆ.

"ವೇಣಾಂ, ಬ್ಯಾಡ," ಎಂದ, ಸೌಟುಗಳನ್ನು ಹತ್ತು ಹತ್ತರ ಕಟ್ಟು ಮಾಡುತ್ತ. "ಯಾಕೆ ಕೊಡ್ಲಿಲ್ಲ ಅಂತ ಕೇಳ್ತಾರಲ್ಲ. ಅಲ್ಲಿ ನಿನ್ನ ಏನಂತ ಬರೀಲಿ?"

ನಾನು ಚೀಲದಿಂದ ಹಣ ತೆಗೆದೆ. ಸೊಸೈಟಿಯಲ್ಲಿ ಸಾಲ ತೆಗೆದ ಒಂದೂವರೆ ಲಕ್ಷ. ಕಟ್ಟನ್ನು ಹಂಡೆಯ ಮುಚ್ಚಳದ ಮೇಲಿಟ್ಟೆ. ಅವನು ಅದನ್ನು ಮುಟ್ಟಲಿಲ್ಲ. ಕೈ ಒರೆಸಿಕೊಂಡು, ಮೊದಲ ಸಲ ನನ್ನ ಮುಖ ನೋಡಿದ.

"ಇದುನ್ನ ತಗಂಡ್ರೆ ಆ ಸರ ನಿಂದು ಅಂತ ಆಯ್ತದೆ," ಎಂದ. "ನಂದು ಅಂತ ಯೋಳಿ ಆಯ್ತಲ್ಲ ಅಮ್ಮಣ್ಣಿ. ನೀನೇ ಅಲ್ವಾ ಯೋಳಿದ್ದು, ಇಂಗ್ಲಿಷ್‌ನಾಗೆ?"

ಕೊಂಕಿನಿಂದ ಹೇಳಲಿಲ್ಲ. ಮುಯ್ಯಿ ಮೇಜಿನಲ್ಲಿ ಹೆಸರು ಕೇಳಿ ಬರೆದುಕೊಳ್ಳುವ ದನಿಯಲ್ಲಿ ಹೇಳಿದ. ಆಮೇಲೆ ಇನ್ನೊಂದು ಕಟ್ಟು ಸೌಟು ಎಣಿಸತೊಡಗಿದ. ಅವನು ಎಣಿಸಿ ಮುಗಿಸುವವರೆಗೂ ನಿಂತಿದ್ದೆ. ಹಣವನ್ನು ಮತ್ತೆ ಚೀಲಕ್ಕೆ ಹಾಕಿಕೊಳ್ಳಲು ನನ್ನ ಕೈ ಬರಲಿಲ್ಲ. ಕೊನೆಗೆ ಅವನೇ ಎತ್ತಿ ಚೀಲದೊಳಗಿಟ್ಟು, ಜಿಪ್ಪು ಎಳೆದು, ನಾಲ್ಕು ಗಂಟೆಯ ಬಸ್ಸು ತಪ್ಪಿಹೋಗುತ್ತದೆ, ಹೊರಡು ಎಂದ.